ಗೌರಿ ಗಣೇಶ ಹಬ್ಬಕ್ಕೆ ಹತ್ತು ದಿನದ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಶ್ರಾವಣ ಮುಗಿಯುತ್ತಾ ಬಂದಾಗ ನಾದಿನಿಯರು, ಪಕ್ಕದ ಮನೆಯವರು, ಹೊಸದಾಗಿ ಮದುವೆಯಾದ ಹುಡುಗಿಯರು ನನ್ನನ್ನು ಇವೇ ಪ್ರಶ್ನೆ ಕೇಳುತ್ತಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಹೇಳಿ ಕೊನೆಗೆ ಬರೆದೇ ಇಡೋಣ ಅನ್ನಿಸಿತು. ಇದು ನಮ್ಮ ಬೆಂಗಳೂರು ಮನೆಯ ಲೆಕ್ಕ. ಮನೆಯಲ್ಲಿ ಆರು ಜನ. ಗೌರಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಸುಮಾರು 20 ಜನ ಹೆಂಗಸರು ಬರುತ್ತಾರೆ. ಮಾರನೇ ದಿನ ಗಣಪತಿ ಊಟಕ್ಕೆ ನಾವೂ ಸೇರಿ 14 ಎಲೆ. ನಿಮ್ಮ ಮನೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಹತ್ತು ದಿನ ಯಾವಾಗಿನಿಂದ ಲೆಕ್ಕ?

ಹಿಂದಿನಿಂದ ಎಣಿಸಿ. ಭಾದ್ರಪದ ಶುದ್ಧ ತದಿಗೆ ಗೌರಿ, ಚೌತಿ ಗಣೇಶ. ಚೌತಿ ಹತ್ತನೇ ದಿನ, ತದಿಗೆ ಒಂಬತ್ತನೇ ದಿನ. ಹಾಗೆ ಹಿಂದೆ ಹೋದರೆ ಅಮಾವಾಸ್ಯೆ ಆರನೇ ದಿನಕ್ಕೆ ಬರುತ್ತದೆ, ಮೊದಲನೇ ದಿನ ಕೃಷ್ಣಾಷ್ಟಮಿ ಕಳೆದು ಎರಡು ದಿನಕ್ಕೆ ಬೀಳುತ್ತದೆ. ತಿಥಿ ಹೆಚ್ಚು ಕಡಿಮೆಯಾಗಿ ಒಂದು ದಿನ ಆಚೀಚೆ ಆಗಬಹುದು, ಅದಕ್ಕೇ ಮೊದಲು ಕ್ಯಾಲೆಂಡರ್ ನೋಡಿ. ಕೆಲವು ವರ್ಷ ತದಿಗೆ ಚೌತಿ ಒಂದೇ ದಿನ ಬರುತ್ತದೆ. ಆ ವರ್ಷ ಒಂದು ದಿನ ಮುಂಚೆಯೇ ಶುರು ಮಾಡಿ, ಇಲ್ಲದಿದ್ದರೆ ಒಬ್ಬಟ್ಟು ಕಡುಬು ಎರಡೂ ಒಂದೇ ಬೆಳಿಗ್ಗೆ ತಲೆ ಮೇಲೆ ಬೀಳುತ್ತದೆ.

ಕೃಷ್ಣಾಷ್ಟಮಿ ಮಾತು ಸುಮ್ನೆ ಹೇಳಿದ್ದಲ್ಲ. ಅಷ್ಟಮಿಗೆ ಚಕ್ಕುಲಿ ಹಿಟ್ಟು ಮಾಡಿಸುವಾಗಲೇ ಗಣೇಶನಿಗೂ ಸೇರಿಸಿ ಬೀಸಿಸಿ ಇಟ್ಟುಬಿಡಿ. ಹಬ್ಬ ಹತ್ತಿರ ಬಂದಾಗ ಹಿಟ್ಟಿನ ಗಿರಣಿ ಮುಂದೆ ಡಬ್ಬಗಳ ಸಾಲು ನಿಂತಿರುತ್ತದೆ. ಅವಸರದಲ್ಲಿ ಬೀಸಿಸಿದ ಅಕ್ಕಿಗೆ ಹಿಂದಿನವರ ಗೋಧಿಯೋ ಕಡಲೆಯೋ ಸೇರಿಕೊಂಡಿದ್ದರೆ ಕಡುಬಿನ ಕಣಕ ಬಿಳಿ ಬರುವುದಿಲ್ಲ, ಅಂಟುವುದೂ ಬೇರೆ ಥರ.

ವರಮಹಾಲಕ್ಷ್ಮಿಗೆ ಮನೆಯೆಲ್ಲಾ ತೊಳೆದಿದ್ದೇವೆ. ಮತ್ತೆ ತೊಳೆಯಬೇಕಾ?

ಬೇಡ. ವರಮಹಾಲಕ್ಷ್ಮಿ ಆಗಿ ಮೂರ್ನಾಲ್ಕು ವಾರ ಅಷ್ಟೇ ಆಗಿರುತ್ತದೆ. ಅಟ್ಟ ಇಳಿಸುವುದು, ಬೀರು ಖಾಲಿ ಮಾಡುವುದು ಇವೆಲ್ಲ ಈ ಹಬ್ಬಕ್ಕೆ ಬೇಡವೇ ಬೇಡ. ಆ ಶಕ್ತಿಯನ್ನು ಅಡುಗೆಗೆ ಉಳಿಸಿಕೊಳ್ಳಿ. ಈ ಸಲ ನೋಡಬೇಕಾದ್ದು ನಾಲ್ಕು ಜಾಗ: ಹಾಲಿನ ಪರದೆ ಮತ್ತು ದಿವಾನದ ಹೊದಿಕೆ, ಗಣಪತಿ ಕೂರಿಸುವ ಮೂಲೆ, ಬಂದವರು ಬಳಸುವ ಬಚ್ಚಲು, ಮತ್ತು ಫ್ರಿಜ್.

ಪರದೆಗಳನ್ನು ಮೊದಲನೇ ದಿನವೇ ಒಗೆಯಿರಿ. ಮಳೆಗಾಲ, ದಪ್ಪ ಬಟ್ಟೆ ಒಣಗಲು ಎರಡು ದಿನ ಬೇಕು. ಅರ್ಧ ಒಣಗಿದ ಪರದೆ ನೇತುಹಾಕಿದರೆ ಹಾಲಿನಲ್ಲೆಲ್ಲಾ ಮುಗ್ಗಲು ವಾಸನೆ, ಅದು ಊದುಬತ್ತಿಗೂ ಹೋಗುವುದಿಲ್ಲ. ಫ್ರಿಜ್ ಖಾಲಿ ಮಾಡುವುದು ಆರನೇ ದಿನ. ಅದಕ್ಕೆ ಮುಂಚೆ ಮಾಡಿದರೆ ಮತ್ತೆ ತುಂಬುತ್ತದೆ. ಎಂಟನೇ ದಿನ ಹೂವು, ಹೂರಣ, ಹಾಲು, ಮೊಸರು ಎಲ್ಲಾ ಒಳಗೆ ಹೋಗಬೇಕು, ಒಂದು ಪೂರ್ತಿ ಶೆಲ್ಫ್ ಖಾಲಿ ಬೇಕೇ ಬೇಕು.

ಅಡುಗೆಮನೆ ಯಾವಾಗ ತೊಳೆಯುವುದು?

ಇಲ್ಲೇ ಎಲ್ಲರೂ ತಪ್ಪುವುದು. ಮೊದಲೇ ಅಡುಗೆಮನೆ ಥಳಥಳ ಅನ್ನಿಸಿ, ಆಮೇಲೆ ಎಣ್ಣೆ ಬಾಣಲೆ ಇಡುತ್ತಾರೆ. ಎರಡು ಗಂಟೆ ಚಕ್ಕುಲಿ ಕರಿದರೆ ಟೈಲ್ಸು, ಚಿಮಣಿ, ಡಬ್ಬದ ಮುಚ್ಚಳ ಎಲ್ಲದರ ಮೇಲೂ ಎಣ್ಣೆ ಕೂರುತ್ತದೆ. ಕರಿಯುವ ಮುಂಚೆ ಒಲೆ, ಕಟ್ಟೆ, ಪಾತ್ರೆ ಶುದ್ಧ ಇದ್ದರೆ ಸಾಕು. ಗೋಡೆ ಉಜ್ಜುವುದು ಕರಿದ ಮಾರನೇ ದಿನ. ನಮ್ಮಲ್ಲಿ ನಾಲ್ಕನೇ ದಿನ ಕರಿಯುವುದು, ಐದನೇ ದಿನ ಅಡುಗೆಮನೆ ತೊಳೆಯುವುದು.

ಹಿತ್ತಾಳೆ ದೀಪ, ಕಲಶದ ಚೊಂಬು, ಹರಿವಾಣ ಇವನ್ನು ಏಳನೇ ದಿನಕ್ಕಿಂತ ಮುಂಚೆ ತೊಳೆಯಬೇಡಿ. ಹುಣಸೆಹಣ್ಣು ಹಾಕಿ ಎಷ್ಟೇ ಚೆನ್ನಾಗಿ ಉಜ್ಜಿದರೂ ಈ ತೇವದ ಗಾಳಿಗೆ ನಾಲ್ಕು ದಿನಕ್ಕೇ ಮಂಕಾಗುತ್ತದೆ. ತೊಳೆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ಸುಮ್ನೆ ಬೋರಲು ಹಾಕಿ ಬಿಟ್ಟರೆ ನೀರಿನ ಕಲೆ ನಿಲ್ಲುತ್ತದೆ.

ಸಾಮಾನು ಎಲ್ಲಾ ಒಂದೇ ಸಲ ತಂದುಬಿಟ್ಟರೆ ಆಗಲ್ವಾ?

ಆಗುವುದಿಲ್ಲ, ಒಂದೊಂದು ಪದಾರ್ಥ ಕೆಡುವ ಹೊತ್ತು ಒಂದೊಂದು. ನಾನು ಮೂರು ಸಲ ಹೋಗುತ್ತೇನೆ. ಎರಡನೇ ದಿನ ದಿನಸಿ: ಕಡಲೆಬೇಳೆ, ಬೆಲ್ಲ, ಮೈದಾ, ಚಿರೋಟಿ ರವೆ, ಉದ್ದಿನಬೇಳೆ, ಎಣ್ಣೆ, ತುಪ್ಪ, ಗೋಡಂಬಿ, ಏಲಕ್ಕಿ. ಮೂರನೇ ದಿನ ಬಾಗಿನದ ಸಾಮಾನು. ಎಂಟನೇ ದಿನ ಬೆಳಿಗ್ಗೆ ಬೇಗ ಹೂವು, ಎಲೆ, ಬಾಳೆಕಂದು, ಮಾವಿನಸೊಪ್ಪು, ಗರಿಕೆ, ತರಕಾರಿ.

ಬಾಳೆಹಣ್ಣನ್ನು ಮಾತ್ರ ಮಧ್ಯದಲ್ಲಿ, ಆರನೇ ದಿನ, ಇನ್ನೂ ಹಸಿರು ಬಣ್ಣ ಇರುವ ಏಲಕ್ಕಿ ಬಾಳೆ ನೋಡಿ ತರುತ್ತೇವೆ. ಮೂರು ದಿನಕ್ಕೆ ಸರಿಯಾಗಿ ಹಣ್ಣಾಗುತ್ತದೆ. ಹಬ್ಬದ ಹಿಂದಿನ ದಿನ ಸಿಗುವುದು ಒಂದೋ ಕಾಯಿ, ಒಂದೋ ಆಗಲೇ ಕಪ್ಪಾದದ್ದು, ಬೆಲೆ ಮಾತ್ರ ಮೇಲೆ.

ಹೂವಿನ ವಿಷಯದಲ್ಲಿ ಒಂದು ಮಾತು. ಎರಡು ದಿನದ ಹೂವನ್ನು ಒಟ್ಟಿಗೆ ತರಬಹುದು, ಆದರೆ ಎಲ್ಲಾ ಹೂವೂ ಎರಡು ದಿನ ತಡೆಯುವುದಿಲ್ಲ. ಸೇವಂತಿಗೆ ಕನಕಾಂಬರ ತಡೆಯುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟರೆ ಚೌತಿ ಬೆಳಿಗ್ಗೆಗೂ ಗಟ್ಟಿಯಾಗಿರುತ್ತವೆ. ಮಲ್ಲಿಗೆ ಮಾತ್ರ ಗೌರಿಗೆ ಬೇಕಾದಷ್ಟೇ ತನ್ನಿ, ಗಣಪತಿಗೆ ಮಾರನೇ ದಿನ ಬೀದಿ ಕೊನೆಯ ಹೂವಿನವರ ಹತ್ತಿರ ಮೊಳದ ಲೆಕ್ಕದಲ್ಲಿ ತೆಗೆದುಕೊಳ್ಳಿ. ನಾವು ಹೂವಿಗೆ ಕೆ.ಆರ್. ಮಾರುಕಟ್ಟೆಗೆ, ಉಳಿದದ್ದಕ್ಕೆ ಗಾಂಧಿಬಜಾರಿಗೆ ಹೋಗುತ್ತೇವೆ. ಬೆಳಿಗ್ಗೆ ಆರಕ್ಕೆ ಹೋದರೆ ಕೈ ಬೀಸಿಕೊಂಡು ನಡೆಯಬಹುದು, ಹತ್ತಕ್ಕೆ ಹೋದರೆ ಒಳಗೆ ಕಾಲಿಡಲೂ ಜಾಗ ಇರುವುದಿಲ್ಲ.

ತೆಂಗಿನಕಾಯಿ ಎಷ್ಟು ಬೇಕು? ಪ್ರತಿ ವರ್ಷ ಸಾಲುವುದೇ ಇಲ್ಲ.

ಕೂತು ಎಣಿಸದೇ ಇರುವುದರಿಂದ ಸಾಲುವುದಿಲ್ಲ. ನಮ್ಮ ಲೆಕ್ಕ ಹೀಗೆ. ಐದು ಬಾಗಿನಕ್ಕೆ ಐದು. ಕಲಶಕ್ಕೆ ಒಂದು. ಎರಡೂ ದಿನ ಪೂಜೆಗೆ ಒಡೆಯಲು ಎರಡು. ಕಡುಬಿನ ಹೂರಣಕ್ಕೆ ಮೂರು. ಎರಡು ದಿನದ ಚಿತ್ರಾನ್ನ, ಪಲ್ಯ, ಕೋಸಂಬರಿ, ಸಾರಿಗೆ ನಾಲ್ಕು. ಒಟ್ಟು 15. ಕೆಟ್ಟದ್ದು ಬಂದರೆ ಅಂತ ಎರಡು ಜಾಸ್ತಿ, 17. ತಾಂಬೂಲಕ್ಕೂ ತೆಂಗಿನಕಾಯಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಇನ್ನೂ 25 ಸೇರಿಸಬೇಕು. ನಾವು ತಾಂಬೂಲಕ್ಕೆ ಎರಡೆರಡು ಬಾಳೆಹಣ್ಣು ಇಡುತ್ತೇವೆ.

ಕೊಳ್ಳುವಾಗ ಪ್ರತಿಯೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬರಬೇಕು. ಕಣ್ಣಿನ ಹತ್ತಿರ ಒದ್ದೆ ಅಥವಾ ಬೂಸಲು ಕಂಡರೆ ಬಿಟ್ಟುಬಿಡಿ, ಅದು ಒಳಗೆ ಕೆಟ್ಟಿರುತ್ತದೆ. ಬಾಗಿನದ ಕಾಯಿಗೆ ಜುಟ್ಟು ಇರಬೇಕು ಅನ್ನುವುದನ್ನು ಅಂಗಡಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಪೂರ್ತಿ ಸುಲಿದು ಕೊಟ್ಟುಬಿಡುತ್ತಾರೆ.

ಬಾಗಿನಕ್ಕೆ ಏನೇನು ಬೇಕು, ಯಾವಾಗ ಜೋಡಿಸಬೇಕು?

ಒಂದು ಬಾಗಿನಕ್ಕೆ ಎರಡು ಮೊರ, ಒಂದು ಕೆಳಗೆ, ಒಂದು ಮೇಲೆ ಮುಚ್ಚಲು. ಐದು ಬಾಗಿನಕ್ಕೆ ಹತ್ತು ಮೊರ. ಒಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಗೋಧಿ ಅಥವಾ ರವೆ, ಅಚ್ಚು ಬೆಲ್ಲ, ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ ಅಡಿಕೆ, ದಕ್ಷಿಣೆ. ಮನೆಯಿಂದ ಮನೆಗೆ ಒಂದೆರಡು ವ್ಯತ್ಯಾಸ ಇರುತ್ತದೆ, ಮನೆಯ ಹಿರಿಯರು ಹೇಳಿದ್ದೇ ಸರಿ.

ಮೊರ ತಂದ ದಿನವೇ ತೊಳೆದು ಅರಿಶಿನ ಹಚ್ಚಿ. ಆಮೇಲೆ ಪೂರ್ತಿ ಒಣಗಬೇಕು, ಇದು ಮುಖ್ಯ. ಬಿದಿರು ಮೇಲೆ ಒಣಗಿದ ಹಾಗೆ ಕಂಡರೂ ಹೆಣಿಗೆ ಸಂದಿಯಲ್ಲಿ ತೇವ ಕೂತಿರುತ್ತದೆ. ಒಂದು ವರ್ಷ ನಾನು ಏಳನೇ ದಿನ ಅರಿಶಿನ ಹಚ್ಚಿ, ಮಾರನೇ ದಿನ ಅಕ್ಕಿ ಬೇಳೆ ಹಾಗೇ ಸುರಿದು ಮುಚ್ಚಿಟ್ಟೆ. ಅಮ್ಮನ ಮನೆಗೆ ಬಾಗಿನ ಕೊಂಡೊಯ್ದು ತೆರೆದಾಗ ಅಕ್ಕಿ ಹಳದಿಯಾಗಿ, ಅಂಚಿನಲ್ಲಿ ಬೂಸಲು ಬಂದಿತ್ತು. ಅಮ್ಮ ಏನೂ ಅನ್ನಲಿಲ್ಲ, ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಅಲ್ಲಿಂದ ಮೂರನೇ ದಿನ ಅರಿಶಿನ ಹಚ್ಚಿ, ಎರಡು ರಾತ್ರಿ ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸುತ್ತೇನೆ. ಧಾನ್ಯಗಳನ್ನು ಏಳನೇ ದಿನ ಬೇರೆ ಬೇರೆ ಪೊಟ್ಟಣ ಕಟ್ಟಿ ಜೋಡಿಸುತ್ತೇನೆ. ಹಣ್ಣು, ವೀಳ್ಯದೆಲೆ, ಹೂವು ಮಾತ್ರ ಗೌರಿ ದಿನ ಬೆಳಿಗ್ಗೆ.

ಗೌರಿ ದಾರದ 16 ಗಂಟು, ಗೆಜ್ಜೆವಸ್ತ್ರ ಇವನ್ನೂ ಏಳನೇ ದಿನ ಸಂಜೆ ಮಾಡಿಕೊಳ್ಳಿ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅವರಿಗೂ ಬರುತ್ತದೆ, ನಿಮಗೂ ಬೇಗ ಮುಗಿಯುತ್ತದೆ.

ಚಕ್ಕುಲಿ ಆರು ದಿನ ಮುಂಚೆ ಮಾಡಿದರೆ ಮೆತ್ತಗಾಗಲ್ವಾ?

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿದರೆ ಹತ್ತು ದಿನ ಗರಿಗರಿಯಾಗೇ ಇರುತ್ತದೆ. ಮೆತ್ತಗಾಗುವುದು ಬಿಸಿ ಇರುವಾಗಲೇ ಮುಚ್ಚಳ ಹಾಕುವುದರಿಂದ.

ನಮ್ಮ ಅಳತೆ: ಒಂದು ಕೆಜಿ ಅಕ್ಕಿ ಹಿಟ್ಟಿಗೆ ಕಾಲು ಕೆಜಿ ಹುರಿದ ಉದ್ದಿನ ಹಿಟ್ಟು, 100 ಗ್ರಾಂ ಬೆಣ್ಣೆ, ಎಳ್ಳು, ಜೀರಿಗೆ, ಇಂಗು, ಉಪ್ಪು. ಉದ್ದನ್ನು ಘಮ್ ಅನ್ನುವವರೆಗೆ ಹುರಿಯಿರಿ, ಕೆಂಪಾದರೆ ಚಕ್ಕುಲಿಯೂ ಕಪ್ಪಾಗುತ್ತದೆ. ಹಿಟ್ಟನ್ನು ಒಟ್ಟಿಗೆ ಕಲಸಬೇಡಿ, ನಾಲ್ಕು ಪಾಲು ಮಾಡಿ ಒಂದೊಂದೇ ಪಾಲಿಗೆ ನೀರು ಹಾಕಿ, ಕಲಸಿಟ್ಟ ಹಿಟ್ಟು ಹೊತ್ತಾದ ಹಾಗೆ ಎಣ್ಣೆ ಹೀರುತ್ತದೆ. ಒತ್ತುವಾಗ ಎಳೆ ತುಂಡಾದರೆ ನೀರು ಕಡಿಮೆ. ಬಾಯಲ್ಲಿ ಕಲ್ಲಿನ ಹಾಗಿದ್ದರೆ ಬೆಣ್ಣೆ ಕಡಿಮೆ. ಎಣ್ಣೆ ಕುಡಿದು ಜಿಡ್ಡಾದರೆ ಒಂದೋ ಬೆಣ್ಣೆ ಜಾಸ್ತಿ, ಒಂದೋ ಎಣ್ಣೆ ಕಾದಿಲ್ಲ. ಎಣ್ಣೆಯಲ್ಲಿ ಗುಳ್ಳೆ ಬರುವುದು ನಿಂತಾಗ ಚಕ್ಕುಲಿ ಬೆಂದಿದೆ ಅಂತ ಅರ್ಥ. ಬಣ್ಣ ನೋಡಿ ತೆಗೆದರೆ ಒಳಗೆ ಹಸಿ ಉಳಿದು, ಅದೇ ಮೂರನೇ ದಿನಕ್ಕೆ ಮೆತ್ತಗಾಗುತ್ತದೆ.

ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ ಅನ್ನುವವರು ನೈವೇದ್ಯದ ಪಾಲನ್ನು ಮೊದಲೇ ಬೇರೆ ಡಬ್ಬಕ್ಕೆ ತೆಗೆದಿಡಿ.

ಒಬ್ಬಟ್ಟಿನ ಹೂರಣ ಹಿಂದಿನ ದಿನ ಮಾಡಬಹುದಾ? ಕಡುಬಿನದು?

ಒಬ್ಬಟ್ಟಿನದು ಮಾಡಬಹುದು, ಕಡುಬಿನದು ಬೇಡ. ಕಡಲೆಬೇಳೆ ಹೂರಣ ಬೆಲ್ಲದ ಜೊತೆ ಚೆನ್ನಾಗಿ ಕಾದು ಗಟ್ಟಿಯಾಗಿರುತ್ತದೆ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಆರಾಮಾಗಿ ಉಳಿಯುತ್ತದೆ. ಹಸಿ ತೆಂಗಿನಕಾಯಿ ಹೂರಣ ಹಾಗಲ್ಲ, ಬೆಚ್ಚಗೆ ಮುಚ್ಚಿಟ್ಟರೆ ಬೆಳಿಗ್ಗೆಗೆ ಹುಳಿ ವಾಸನೆ ಹೊಡೆಯುತ್ತದೆ.

ಎಂಟನೇ ದಿನ ಸಂಜೆ ಅರ್ಧ ಕೆಜಿ ಕಡಲೆಬೇಳೆ ಬೇಯಿಸಿ. ಬೇಳೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಆದರೆ ಪಾತ್ರೆಯಲ್ಲಿ ಕರಗಿರಬಾರದು. ನೀರು ಪೂರ್ತಿ ಬಸಿಯಿರಿ, ಆ ಕಟ್ಟು ಚೆಲ್ಲಬೇಡಿ, ಒಬ್ಬಟ್ಟಿನ ಸಾರಿಗೆ ಅದೇ ಜೀವ. ಅರ್ಧ ಕೆಜಿ ಬೆಲ್ಲ ಹಾಕಿ ತಿರುವಿ, ಸೌಟು ನಿಲ್ಲಿಸಿದರೆ ನಿಲ್ಲುವ ಹದಕ್ಕೆ ಬಂದಾಗ ಇಳಿಸಿ ರುಬ್ಬಿ. ಇದರಲ್ಲಿ ಸುಮಾರು 25 ಒಬ್ಬಟ್ಟು ಆಗುತ್ತದೆ. ಹೂರಣ ತೆಳ್ಳಗಾಗಿದ್ದರೆ ಮೈದಾ ಬೆರೆಸಬೇಡಿ, ಮತ್ತೆ ಬಾಣಲೆಗೆ ಹಾಕಿ ನೀರು ಆರಿಸಿ. ಕಣಕವನ್ನು ಗೌರಿ ದಿನ ಎದ್ದ ತಕ್ಷಣ ಕಲಸಿ ಎಣ್ಣೆಯಲ್ಲಿ ಮುಳುಗಿಸಿಡಿ. ಎರಡು ಮೂರು ಗಂಟೆ ನೆನೆದರೆ ರಬ್ಬರಿನ ಹಾಗೆ ಎಳೆ ಬರುತ್ತದೆ, ತಟ್ಟುವಾಗ ಹರಿಯುವುದಿಲ್ಲ.

ಕಡುಬು ಬೇಯುವಾಗ ಬಾಯಿ ಬಿಡುತ್ತದೆ. ಏನು ಮಾಡಲಿ?

ಹಿಟ್ಟು ಒಣಗಿದೆ ಅಥವಾ ಬೇಯದೆ ಇದೆ. ಒಂದು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ನೀರು ಮರಳುವಾಗ ಹಿಟ್ಟು ಹಾಕಿ, ಉರಿ ಸಣ್ಣ ಮಾಡಿ ಎರಡು ನಿಮಿಷ ಮುಚ್ಚಿಡಿ, ಆಮೇಲೆ ಗಂಟಿಲ್ಲದ ಹಾಗೆ ತಿರುವಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಎಣ್ಣೆ ಹಚ್ಚಿಕೊಂಡು ನಾದಬೇಕು. ಉಂಡೆ ಒತ್ತಿದಾಗ ಅಂಚು ಸೀಳಿದರೆ ಇನ್ನೊಂದಿಷ್ಟು ಬಿಸಿನೀರು ಚಿಮುಕಿಸಿ ನಾದಿ. ತಟ್ಟುತ್ತಿರುವ ಹೊತ್ತಿನಲ್ಲಿ ಉಳಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಇರಲೇಬೇಕು.

ಹೂರಣಕ್ಕೆ ಎರಡು ಲೋಟ ಕಾಯಿತುರಿಗೆ ಒಂದು ಲೋಟ ಬೆಲ್ಲ. ಕೈಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಪಾಕ ಸೋರಬಾರದು. ಸೋರಿದರೆ ಆ ನೀರೇ ಕಡುಬನ್ನು ಒಡೆಯುತ್ತದೆ. 14 ಜನಕ್ಕೆ ತಲಾ ಮೂರರಂತೆ 42, ನಾನು 45 ಮಾಡುತ್ತೇನೆ, ಅದರಲ್ಲೇ 21 ನೈವೇದ್ಯಕ್ಕೆ. ಇದಕ್ಕೆ ನಾಲ್ಕು ಲೋಟ ಹಿಟ್ಟು, ಮೂರು ಕಾಯಿ. ಹಬೆಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಸಾಕು, ಜಾಸ್ತಿ ಬೆಂದರೂ ಬಾಯಿ ಬಿಡುತ್ತದೆ. ನಮ್ಮ ಮನೆಯಲ್ಲಿ ಇಬ್ಬರು ತಟ್ಟಿ ಒಬ್ಬರು ತುಂಬಿದರೆ ಒಂದೂವರೆ ಗಂಟೆ ಹಿಡಿಯುತ್ತದೆ. ಒಬ್ಬರೇ ಮಾಡುವ ಕೆಲಸ ಇದಲ್ಲ, ದಯವಿಟ್ಟು ಮನೆಯ ಗಂಡಸರನ್ನೂ ಕೂರಿಸಿಕೊಳ್ಳಿ.

ಗಣಪನನ್ನು ಯಾವಾಗ ತರುವುದು?

ನಾಲ್ಕೈದನೇ ದಿನ ಹೋಗಿ ನೋಡಿ, ಮುಂಗಡ ಕೊಟ್ಟು ಹೆಸರು ಬರೆಸಿ ಬನ್ನಿ. ತರುವುದು ಗೌರಿ ಹಬ್ಬದ ಸಂಜೆ ಅಥವಾ ಚೌತಿ ಬೆಳಿಗ್ಗೆ. ಬಣ್ಣವಿಲ್ಲದ ಮಣ್ಣಿನ ಗಣಪನನ್ನೇ ಕೇಳಿ. ಪಿಒಪಿ ವಿಗ್ರಹಕ್ಕೆ ರಾಜ್ಯದಲ್ಲಿ ನಿಷೇಧವೂ ಇದೆ. ಕೈಯಲ್ಲಿ ಎತ್ತಿದರೆ ಗೊತ್ತಾಗುತ್ತದೆ: ಅದೇ ಗಾತ್ರದ ಮಣ್ಣಿನದು ಭಾರ, ಪಿಒಪಿಯದು ಹಗುರ. ಒಂದು ಅಡಿ ಮೀರಬೇಡಿ, ಬಕೆಟ್ಟಿನಲ್ಲಿ ಮುಳುಗಬೇಕಲ್ವಾ. ಮಳೆ ಬರುವ ಕಾಲ, ಸ್ಕೂಟರಿನಲ್ಲಿ ತರುವುದಾದರೆ ಮಣೆ, ದಪ್ಪ ಟವೆಲ್, ಮೇಲೆ ಪ್ಲಾಸ್ಟಿಕ್ ಹಾಳೆ ಜೊತೆಗಿರಲಿ. ಹಸಿ ಮಣ್ಣಿನ ಗಣಪನ ಮೇಲೆ ಹತ್ತು ಹನಿ ಬಿದ್ದರೂ ಸೊಂಡಿಲು ಮೆತ್ತಗಾಗುತ್ತದೆ.

ಗೌರಿ ಸಂಜೆ 20 ಜನ ಒಟ್ಟಿಗೆ ಬಂದರೆ?

ಒಟ್ಟಿಗೆ ಬರದ ಹಾಗೆ ಕರೆಯಿರಿ. ಏಳನೇ ದಿನ ಫೋನ್ ಮಾಡುವಾಗಲೇ ಬೀದಿಯವರಿಗೆ ಐದು ಗಂಟೆ, ಕೆಲಸದಿಂದ ಬರುವವರಿಗೆ ಏಳು ಗಂಟೆ ಅಂತ ಹೇಳಿ. ಅವರಿಗೂ ನಾಲ್ಕು ಮನೆಗೆ ಹೋಗುವುದಿರುತ್ತದೆ, ಹೊತ್ತು ಹೇಳಿದರೆ ಅನುಕೂಲವೇ. ತಾಂಬೂಲವನ್ನು ನಾಲ್ಕು ಗಂಟೆಗೇ 25 ಜೋಡಿಸಿ ಮೊರದಲ್ಲಿ ಇಡಿ, ಎರಡೆರಡು ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಅಥವಾ ಬಳೆ. ಬಂದವರು ಕರೆತರುವ ಅತ್ತಿಗೆ, ಅಕ್ಕ ಇರುತ್ತಾರಲ್ಲ, ಅದಕ್ಕೇ ಐದು ಜಾಸ್ತಿ.

ತಿನ್ನಲು ಕೋಸಂಬರಿ, ಅರ್ಧ ಒಬ್ಬಟ್ಟು, ಒಂದು ಚಕ್ಕುಲಿ ಸಾಕು. ಅವತ್ತು ಅವರು ಎಲ್ಲಾ ಮನೆಯಲ್ಲೂ ತಿಂದು ಬಂದಿರುತ್ತಾರೆ, ತಟ್ಟೆ ತುಂಬ ಕೊಟ್ಟರೆ ಪಾಪ ಬಿಡಲೂ ಆಗದೆ ತಿನ್ನಲೂ ಆಗದೆ ಕೂರುತ್ತಾರೆ. 25 ಒಬ್ಬಟ್ಟಿನಲ್ಲಿ ಮಧ್ಯಾಹ್ನ ಮನೆಯವರಿಗೆ 12 ಹೋದರೂ ಸಂಜೆಗೆ 13 ಉಳಿಯುತ್ತದೆ, ಅರ್ಧರ್ಧ ಮಾಡಿದರೆ 26 ಜನಕ್ಕೆ ಆಯಿತು.

ಚೌತಿ ಬೆಳಿಗ್ಗೆ ಎಷ್ಟು ಗಂಟೆಗೆ ಶುರು ಮಾಡಿದರೆ ಒಂದು ಗಂಟೆಗೆ ಎಲೆ ಹಾಕಬಹುದು?

ಐದೂವರೆಗೆ. ಕಡಲೆಕಾಳು ಹಿಂದಿನ ರಾತ್ರಿಯೇ ನೆನೆದಿರಬೇಕು, ಮರೆತರೆ ಉಸಲಿ ಇಲ್ಲ. ಆರರಿಂದ ಏಳು ಕಾಯಿ ತುರಿದು ಹೂರಣ, ಏಳರಿಂದ ಎಂಟೂವರೆ ಕಡುಬು. ಅಷ್ಟರಲ್ಲಿ ಇನ್ನೊಬ್ಬರು ಮಂಟಪ, ಬಾಳೆಕಂದು, ತೋರಣ ಮುಗಿಸಿ, 21 ಪತ್ರೆ ಗರಿಕೆ ಬಿಡಿಸಿಟ್ಟಿರಬೇಕು. ಒಂಬತ್ತೂವರೆಗೆ ಪೂಜೆಗೆ ಕೂತರೆ ಹನ್ನೊಂದಕ್ಕೆ ಮಂಗಳಾರತಿ. ಆಮೇಲೆ ಅನ್ನ, ಸಾರು, ಪಲ್ಯ, ಪಾಯಸ. ಅವತ್ತು ಪಲ್ಯ ಒಂದೇ ಇರಲಿ, ತರಕಾರಿ ಹಿಂದಿನ ರಾತ್ರಿ ಹೆಚ್ಚಿಟ್ಟಿರಲಿ.

ಊಟ ಮುಗಿದ ಮೇಲೆ ಬೀದಿ ಮಕ್ಕಳು ಅಕ್ಷತೆ ಹಿಡಿದುಕೊಂಡು "ನಿಮ್ಮ ಮನೇಲಿ ಗಣಪತಿ ಕೂರಿಸಿದ್ದೀರಾ" ಅಂತ ಬರುತ್ತಾರೆ. ಅವರಿಗೆ ಪಂಚಕಜ್ಜಾಯ, ಚಕ್ಕುಲಿ ಬಾಗಿಲ ಹತ್ತಿರದ ಡಬ್ಬದಲ್ಲಿ ಇಟ್ಟಿರಿ. ಮಕ್ಕಳನ್ನು ಬರಿಗೈಯಲ್ಲಿ ಕಳಿಸಬೇಡಿ.

ಅದೇ ದಿನ ಬಿಡುವುದಾದರೆ ಮನೆಯಲ್ಲೇ ಹೇಗೆ ಬಿಡುವುದು?

ಹೂವು, ಗರಿಕೆ, ಗೆಜ್ಜೆವಸ್ತ್ರ, ಜನಿವಾರ ಎಲ್ಲಾ ತೆಗೆದು, ದೊಡ್ಡ ಬಕೆಟ್ಟಿನಲ್ಲಿ ಗಣಪ ಪೂರ್ತಿ ಮುಳುಗುವಷ್ಟು ನೀರು ತುಂಬಿ, ಆರತಿ ಮಾಡಿ ನಿಧಾನಕ್ಕೆ ಇಳಿಸಿ. ಮಣ್ಣಿನ ಗೌರಿ ಇದ್ದರೆ ಮೊದಲು ಅವಳು, ಮಗ ಕರೆದುಕೊಂಡು ಹೋಗಲು ಬಂದಿದ್ದಾನಲ್ಲ. ಬಣ್ಣವಿಲ್ಲದ ಮಣ್ಣು ಒಂದೆರಡು ದಿನಕ್ಕೆ ಕರಗುತ್ತದೆ. ಕೋಲು ಹಾಕಿ ಕಲಕಬೇಡಿ, ತಾನಾಗಿ ಕರಗಲಿ. ನಾವು ಆ ಮಣ್ಣಿನ ನೀರನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕುತ್ತೇವೆ. ಮನೆಯಲ್ಲಿ ಅನುಕೂಲ ಇಲ್ಲದವರು ಪಾಲಿಕೆಯವರು ಬಡಾವಣೆಗೆ ಕಳಿಸುವ ಮೊಬೈಲ್ ಟ್ಯಾಂಕಿನಲ್ಲಿ ಬಿಡಬಹುದು, ಸಂಜೆ ಏಳಕ್ಕೆ ಮುಂಚೆ ಹೋದರೆ ಸಾಲು ಕಡಿಮೆ. ಮರಳಿ ಬರುವಾಗ ಮಣೆಯ ಮೇಲೆ ಒಂದು ಹಿಡಿ ಆ ಜಾಗದ ಮಣ್ಣು ತನ್ನಿ, ನಮ್ಮ ಅತ್ತೆ ಬರಿ ಮಣೆ ಒಳಗೆ ಬಿಡುತ್ತಿರಲಿಲ್ಲ.